ನಿಂಬೆಹಣ್ಣಿನ ರಸ ಪೂರ್ತಿ ತೆಗೆಯುವುದು, ಮಳೆಗಾಲದಲ್ಲೂ ವಾರಗಟ್ಟಲೆ ಕೆಡದಂತೆ ಇಡುವುದು

ನಮ್ಮ ಮನೆ ಇರುವುದು ಮಡಿಕೇರಿಯಿಂದ ಸ್ವಲ್ಪ ದೂರ, ಕಾಫಿ ತೋಟದ ನಡುವೆ. ಶುಕ್ರವಾರದ ಸಂತೆಗೆ ಹೋದರೆ ನಿಂಬೆಹಣ್ಣು ತರುತ್ತೇವೆ. ಜುಲೈ ತಿಂಗಳ ಮಳೆಯಲ್ಲಿ ಒಂದೆರಡು ಸಂತೆ ತಪ್ಪಿಹೋಗುವುದು ಮಾಮೂಲಿ. ಹಾಗಾಗಿ ಒಂದು ಸಲ ತಂದ ಎರಡು ಡಜನ್ ಹಣ್ಣು ಮೂರು ವಾರವಾದರೂ ಬರಬೇಕು. ಹಂದಿ ಕರಿಗೆ ಕಾಚಂಪುಳಿ ಇರುತ್ತದೆ, ಅದಕ್ಕೆ ನಿಂಬೆ ಬೇಡ. ಆದರೆ ಕೋಳಿ ಫ್ರೈ, ಚಿತ್ರಾನ್ನ, ಶರಬತ್ತು, ನೆಗಡಿಯಾದಾಗ ಬಿಸಿನೀರು, ಎಲ್ಲದಕ್ಕೂ ನಿಂಬೆ ಬೇಕೇ ಬೇಕು. ಇಷ್ಟು ವರ್ಷದಲ್ಲಿ ಹಣ್ಣು ಒಣಗಿಸಿ, ಕೊಳೆಸಿ, ಕಹಿ ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ನಾನು ಹೇಳುವುದು ನಮ್ಮಲ್ಲಿ ಸಿಗುವ ತೆಳು ಸಿಪ್ಪೆಯ ಚಿಕ್ಕ ನಿಂಬೆಯ ಬಗ್ಗೆ. ಗಜನಿಂಬೆ, ಹೇರಳೆಕಾಯಿಗೆ ಸಿಪ್ಪೆ ದಪ್ಪ, ಅವುಗಳ ಲೆಕ್ಕ ಬೇರೆ.

ಮೊದಲು ಹಣ್ಣಿನ ಒಳಗೆ ನೋಡೋಣ

ಒಂದು ನಿಂಬೆಯನ್ನು ಅಡ್ಡಕ್ಕೆ ಕೊಯ್ದು ಕಿಟಕಿ ಬೆಳಕಿಗೆ ಹಿಡಿಯಿರಿ. ಹೊರಗೆ ಹಳದಿ ಸಿಪ್ಪೆ. ಅದರಲ್ಲಿ ಸೂಜಿಮೊನೆಯಷ್ಟು ಚಿಕ್ಕ ಚುಕ್ಕಿಗಳು ಕಾಣುತ್ತವೆ, ಅವೇ ಎಣ್ಣೆಯ ಗುಳ್ಳೆಗಳು. ನಿಂಬೆಯ ಘಮ ಬರುವುದು ಅಲ್ಲಿಂದಲೇ. ಅದರ ಒಳಗೆ ತೆಳ್ಳಗೆ ಬಿಳಿ ಪದರ. ಆಮೇಲೆ ಚಕ್ರದ ಕಡ್ಡಿಗಳ ಹಾಗೆ ಜೋಡಿಸಿಟ್ಟ ತೊಳೆಗಳು. ಪ್ರತಿ ತೊಳೆಗೂ ತನ್ನದೇ ಪೊರೆ. ಒಂದು ತೊಳೆಯ ಪೊರೆಯನ್ನು ಉಗುರಿನಿಂದ ಬಿಡಿಸಿದರೆ ಒಳಗೆ ಉದ್ದುದ್ದದ ಸಣ್ಣ ಸಣ್ಣ ಚೀಲಗಳು ಒತ್ತಾಗಿ ನಿಂತಿರುತ್ತವೆ. ಕಿತ್ತಳೆ ತಿನ್ನುವಾಗ ನಾಲಿಗೆಗೆ ಸಿಗುತ್ತವಲ್ಲ, ಅವೇ. ರಸ ಇರುವುದು ಆ ಚೀಲಗಳ ಒಳಗೆ, ಅವುಗಳ ಒಳಗಿನ ಜೀವಕೋಶಗಳಲ್ಲಿ.

ಅಂದರೆ ನಿಂಬೆಹಣ್ಣು ನೀರು ತುಂಬಿದ ಚೆಂಡಲ್ಲ. ಚೀಲದೊಳಗೆ ಚೀಲ, ಅದರೊಳಗೆ ಇನ್ನೊಂದು ಚೀಲ. ಚಾಕು ಹಾಕಿದಾಗ ಒಡೆಯುವುದು ಕೊಯ್ದ ಗೆರೆಯಲ್ಲಿರುವ ಚೀಲಗಳು ಮಾತ್ರ. ಉಳಿದವನ್ನು ನಮ್ಮ ಬೆರಳೇ ಒಡೆಯಬೇಕು. ಅರ್ಧ ಹೋಳನ್ನು ಎಷ್ಟು ಜೋರಾಗಿ ಹಿಂಡಿದರೂ ಒತ್ತಡ ಬೀಳುವುದು ಹೆಬ್ಬೆರಳು, ತೋರುಬೆರಳು ಇರುವ ಜಾಗಕ್ಕೆ. ಮೂಲೆಯಲ್ಲಿರುವ ಚೀಲಗಳು ಹಾಗೇ ಉಳಿಯುತ್ತವೆ. ಹಿಂಡಿ ಬಿಸಾಡಿದ ಹೋಳನ್ನು ಬಿಡಿಸಿ ನೋಡಿ, ಒಳಗೆ ಇನ್ನೂ ಹೊಳೆಯುವ ಚೀಲಗಳು ಸಿಗುತ್ತವೆ.

ಉರುಳಿಸುವುದರಿಂದ ಆಗುವುದು ಇಷ್ಟೇ. ಕೊಯ್ಯುವ ಮೊದಲೇ ಸುತ್ತ ಎಲ್ಲಾ ಕಡೆಯಿಂದ ಒತ್ತಡ ಬಿದ್ದು ಚೀಲಗಳು ಒಡೆಯುತ್ತವೆ, ತೊಳೆಗಳ ಪೊರೆ ಸಡಿಲವಾಗುತ್ತದೆ. ಸಿಪ್ಪೆ ಗಟ್ಟಿಯಾಗಿರುವುದರಿಂದ ರಸ ಹೊರಗೆ ಬರುವುದಿಲ್ಲ, ಒಳಗೇ ಬಿಡುಗಡೆಯಾಗಿ ನಿಂತಿರುತ್ತದೆ. ಆಮೇಲೆ ಕೊಯ್ದರೆ ಸುಮ್ನೆ ಒತ್ತಿದರೂ ಸುರಿಯುತ್ತದೆ.

ಬಿಸಿ ಮಾಡುವುದರ ಕೆಲಸ ಬೇರೆ. ಫ್ರಿಜ್‌ನಿಂದ ತೆಗೆದ ಹಣ್ಣಿನ ಸಿಪ್ಪೆ, ಪೊರೆ ಎರಡೂ ಬಿರುಸಾಗಿರುತ್ತವೆ. ಕೈಗೆ ಕಲ್ಲಿನ ಹಾಗೆ ಸಿಗುತ್ತದೆ. ಬೆಚ್ಚಗಾದರೆ ಅವು ಮೆತ್ತಗಾಗಿ ಒತ್ತಿದಾಗ ಬಗ್ಗುತ್ತವೆ. ರಸವೂ ಸಲೀಸಾಗಿ ಹರಿಯುತ್ತದೆ. ಫ್ರಿಜ್‌ನಷ್ಟು ತಣ್ಣಗಿರುವ ನೀರು 40 ಡಿಗ್ರಿಯ ನೀರಿಗಿಂತ ಎರಡು ಪಟ್ಟಿಗೂ ಮಂದವಾಗಿ ಹರಿಯುತ್ತದೆ, ನಿಂಬೆರಸವೂ ಮುಕ್ಕಾಲು ಪಾಲು ನೀರೇ ಅಲ್ವಾ, ಮುಕ್ಕಾಲಿಗೂ ಜಾಸ್ತಿ. ಆದರೆ ನನ್ನ ಅನುಭವದಲ್ಲಿ ದೊಡ್ಡ ಸಹಾಯ ಆಗುವುದು ಪೊರೆ ಮೆತ್ತಗಾಗುವುದರಿಂದ.

ಅಳೆದು ನೋಡಿದ್ದು

ನಿಜವಾಗಿ ಎಷ್ಟು ವ್ಯತ್ಯಾಸ ಎಂದು ಒಂದು ದಿನ ಅಳೆದೇ ನೋಡಿದೆ. ಒಂದೇ ರಾಶಿಯಿಂದ ಹತ್ತು ಹಣ್ಣು ಆರಿಸಿ ಐದೈದರ ಎರಡು ಪಾಲು ಮಾಡಿದೆ. ಅಡುಗೆಮನೆ ತಕ್ಕಡಿಯಲ್ಲಿ ಎರಡೂ ಪಾಲು ಹತ್ತಿರ ಹತ್ತಿರ 215 ಗ್ರಾಂ ತೂಗಿದವು. ಎರಡನ್ನೂ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ.

ಮೊದಲ ಐದನ್ನು ಫ್ರಿಜ್‌ನಿಂದ ತೆಗೆದು ಹಾಗೇ ಕೊಯ್ದು ಕೈಯಲ್ಲಿ ಹಿಂಡಿದೆ. ಅಳತೆ ಲೋಟದಲ್ಲಿ 58 ಮಿ.ಲೀ. ಬಂತು. ಕೈ ನೋವೂ ಬಂತು. ಇನ್ನೈದನ್ನು ಬಿಸಿನೀರಲ್ಲಿ ನೆನೆಸಿ, ಉರುಳಿಸಿ, ಅದೇ ಕೈಯಲ್ಲಿ ಹಿಂಡಿದೆ. 81 ಮಿ.ಲೀ. ಬಂತು.

ಇಲ್ಲಿಗೆ ನಿಲ್ಲಿಸಿದ್ದರೆ ಉರುಳಿಸಿದರೆ ರಸ ಹೆಚ್ಚುತ್ತದೆ ಎಂದು ನಂಬಿಬಿಡುತ್ತಿದ್ದೆ. ಹಿಂಡಿದ ಹೋಳುಗಳನ್ನು ಬಿಸಾಡದೆ ಎರಡು ಹಿಡಿಯ ಲೋಹದ ಸ್ಕ್ವೀಜರ್‌ಗೆ ಹಾಕಿ ಮತ್ತೆ ಒತ್ತಿದೆ. ಮೊದಲ ಪಾಲಿನಿಂದ ಇನ್ನೂ 27 ಮಿ.ಲೀ. ಬಂತು. ಎರಡನೆಯ ಪಾಲಿನಿಂದ ಬರೀ 6. ಕೂಡಿಸಿ ನೋಡಿ: ಒಂದು 85, ಇನ್ನೊಂದು 87. ಎರಡರಲ್ಲೂ ಇದ್ದ ರಸ ಒಂದೇ!

ಐದೇ ಹಣ್ಣಿನ ಲೆಕ್ಕ ಇದು, ನಿಮ್ಮ ಮನೆಯಲ್ಲಿ ಅಂಕಿ ಬೇರೆ ಬರಬಹುದು. ಆದರೆ ಕಾರಣ ಸ್ಪಷ್ಟ. ಉರುಳಿಸಿದರೆ, ಬಿಸಿ ಮಾಡಿದರೆ ಹಣ್ಣಿನಲ್ಲಿ ರಸ ಹುಟ್ಟುವುದಿಲ್ಲ. ಸಿಪ್ಪೆಯ ಜೊತೆ ಬಿಸಾಡುವ ರಸ ಕಡಿಮೆಯಾಗುತ್ತದೆ. ಕೈಯಲ್ಲಿ ಹಿಂಡುವವರಿಗೆ ಇದರಿಂದ ತುಂಬಾ ಲಾಭ. ಗಟ್ಟಿ ಸ್ಕ್ವೀಜರ್ ಇದ್ದವರಿಗೆ ಲಾಭ ಸ್ವಲ್ಪವೇ, ಒತ್ತುವ ಶ್ರಮ ಕಡಿಮೆಯಾಗುತ್ತದೆ ಅಷ್ಟೇ.

ಹಿಂಡುವ ಕ್ರಮ

ಫ್ರಿಜ್‌ನಲ್ಲಿದ್ದ ಹಣ್ಣಾದರೆ ಮೊದಲು ಬೆಚ್ಚಗಾಗಬೇಕು. ಬೇಸಿಗೆಯಲ್ಲಿ ಒಂದು ಗಂಟೆ ಮೊದಲು ಹೊರಗಿಟ್ಟರೆ ಸಾಕು. ಮಳೆಗಾಲದಲ್ಲಿ ನಮ್ಮ ಕಡೆ ಅಡುಗೆಮನೆಯೇ ತಣ್ಣಗಿರುತ್ತದೆ, ಹೊರಗಿಟ್ಟ ನಿಂಬೆಯೂ ಗಟ್ಟಿಯಾಗೇ ಇರುತ್ತದೆ. ಆಗ ಬಿಸಿನೀರೇ ಬೇಕು. ಒಂದು ಪಾತ್ರೆಯಲ್ಲಿ ಕೈ ಇಟ್ಟರೆ ತಡೆದುಕೊಳ್ಳುವಷ್ಟು ಬಿಸಿ ನೀರು ತೆಗೆದುಕೊಂಡು ಹಣ್ಣು ಪೂರ್ತಿ ಮುಳುಗಿಸಿ. ಫ್ರಿಜ್‌ನ ಹಣ್ಣಿಗೆ ಹತ್ತು ನಿಮಿಷ, ಹೊರಗಿದ್ದ ಹಣ್ಣಿಗೆ ಐದು. ಕುದಿಯುವ ನೀರಿಗೆ ಹಾಕಬೇಡಿ. ಸಿಪ್ಪೆ ಬೆಂದು ರಸಕ್ಕೆ ಬೇಯಿಸಿದ ರುಚಿ ಬರುತ್ತದೆ, ಶರಬತ್ತಿಗೆ ಅದು ಚೆನ್ನಾಗಿರುವುದಿಲ್ಲ.

ಮೈಕ್ರೋವೇವ್ ಇದ್ದರೆ ನಮ್ಮ ಚಿಕ್ಕ ನಿಂಬೆಗೆ ಹತ್ತು ಸೆಕೆಂಡ್ ಸಾಕು. ಮುಟ್ಟಿದರೆ ಉಗುರು ಬೆಚ್ಚಗೆ ಅನಿಸಬೇಕು, ಸುಡಬಾರದು. ಜಾಸ್ತಿ ಹೊತ್ತು ಇಟ್ಟರೆ ಒಳಗೆ ಆವಿ ಕಟ್ಟಿ ಹಣ್ಣು ಸಿಡಿಯಬಹುದು. ಸಿಡಿಯದಿದ್ದರೂ ಕೊಯ್ದಾಗ ಬಿಸಿ ರಸ ಕೈಮೇಲೆ ಹಾರುತ್ತದೆ.

ಈಗ ಉರುಳಿಸುವುದು. ಮಣೆಯ ಮೇಲೋ ಕಟ್ಟೆಯ ಮೇಲೋ ಹಣ್ಣಿಟ್ಟು ಅಂಗೈ ಊರಿ. ಬೆರಳಿನ ಬಲ ಸಾಲದು, ಚಪಾತಿ ಹಿಟ್ಟು ನಾದುವಾಗ ಹಾಕುವ ಹಾಗೆ ಮೈಭಾರ ಸ್ವಲ್ಪ ಹಾಕಬೇಕು. ಹಿಂದೆ ಮುಂದೆ ಹತ್ತು ಸಲ ಉರುಳಿಸಿ, ಹಣ್ಣನ್ನು ತಿರುಗಿಸಿಟ್ಟು ಇನ್ನೊಂದು ಹತ್ತು ಸಲ. ಮೊದಲು ಗೋಲಿಯ ಹಾಗೆ ಗಟ್ಟಿಯಾಗಿ ಉರುಳುತ್ತದೆ. ಸ್ವಲ್ಪ ಹೊತ್ತಿಗೆ ಅಂಗೈ ಕೆಳಗೆ ಒಳಗೊಳಗೇ ಏನೋ ಸಡಿಲವಾದ ಹಾಗೆ ಗೊತ್ತಾಗುತ್ತದೆ, ಒತ್ತಿದರೆ ತಗ್ಗುತ್ತದೆ. ಅಲ್ಲಿಗೆ ನಿಲ್ಲಿಸಿ. ಜೋರಾಗಿ ಸಿಪ್ಪೆಯ ಘಮ ಬಂದು ಅಂಗೈ ಜಿಡ್ಡಾದರೆ ಎಣ್ಣೆಯ ಗುಳ್ಳೆಗಳು ಒಡೆಯುತ್ತಿವೆ ಎಂದು ಅರ್ಥ. ಆ ಎಣ್ಣೆ ರಸಕ್ಕೆ ಸ್ವಲ್ಪ ಬಿದ್ದರೆ ಪರಿಮಳ, ಜಾಸ್ತಿ ಬಿದ್ದರೆ ಗಂಟಲಿಗೆ ಒಗರು.

ಕೊಯ್ಯುವುದು ಅಡ್ಡಕ್ಕೆ. ತೊಳೆಗಳು ತೊಟ್ಟಿನಿಂದ ತುದಿಯವರೆಗೆ ಉದ್ದಕ್ಕೆ ನಿಂತಿವೆ. ಅಡ್ಡ ಕೊಯ್ದರೆ ಒಂದೊಂದು ತೊಳೆಯ ಬಾಯಿಯೂ ತೆರೆಯುತ್ತದೆ. ಉದ್ದಕ್ಕೆ ಕೊಯ್ದರೆ ಎರಡು ಮೂರು ತೊಳೆ ತೆರೆದು, ಉಳಿದವು ಪೊರೆಯೊಳಗೆ ಮುಚ್ಚಿಕೊಂಡೇ ಇರುತ್ತವೆ. ಸ್ಕ್ವೀಜರ್ ಬಳಸುವವರು ಹೋಳಿನ ಕೊಯ್ದ ಮುಖ ತೂತುಗಳ ಕಡೆಗೆ ಇಡಿ. ಬಟ್ಟಲಿನ ಆಕಾರಕ್ಕೆ ಸರಿಹೊಂದುತ್ತದೆ ಎಂದು ಎಷ್ಟೋ ಜನ ಸಿಪ್ಪೆಯನ್ನು ಕೆಳಗೆ ಮಾಡಿ ಇಡುತ್ತಾರೆ, ಆಗ ರಸ ಪಕ್ಕಕ್ಕೆ ಚಿಮ್ಮುತ್ತದೆ. ಸರಿಯಾಗಿ ಇಟ್ಟಿದ್ದರೆ ಒತ್ತಿದ ಮೇಲೆ ಸಿಪ್ಪೆ ಒಳಗಿನದು ಹೊರಗಾಗಿ ಮಗುಚಿಕೊಂಡಿರುತ್ತದೆ.

ಕಹಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕೊನೆಯ ಹನಿಗಾಗಿ ಬಿಳಿ ಪದರವನ್ನು ತಿರುಚಿ ತಿರುಚಿ ಹಿಂಡಿದರೆ, ಬೀಜ ಜಜ್ಜಿದರೆ, ರಸ ಆಗಲೇ ಕಹಿಯಾಗುವುದಿಲ್ಲ. ಒಂದೆರಡು ಗಂಟೆ ಬಿಟ್ಟು ಆಗುತ್ತದೆ. ಬಿಳಿ ಪದರದಲ್ಲಿ, ಪೊರೆಯಲ್ಲಿ, ಬೀಜದಲ್ಲಿ ಇರುವ ರುಚಿಯಿಲ್ಲದ ಒಂದು ವಸ್ತು ಹುಳಿ ರಸದ ಜೊತೆ ಸೇರಿದ ಮೇಲೆ ನಿಧಾನವಾಗಿ ಲಿಮೊನಿನ್ ಎನ್ನುವ ಕಹಿ ವಸ್ತುವಾಗಿ ಬದಲಾಗುತ್ತದೆ. ಬೆಳಿಗ್ಗೆ ರುಚಿಯಾಗಿದ್ದ ಶರಬತ್ತು ಮಧ್ಯಾಹ್ನ ಕಹಿಯಾಗುವುದು ಇದರಿಂದ. ತಕ್ಷಣ ಕುಡಿಯುವುದಾದರೆ ಚಿಂತೆಯಿಲ್ಲ. ಇಟ್ಟು ಬಳಸುವ ರಸವನ್ನು ಮಾತ್ರ ಹದವಾಗಿ ಹಿಂಡಿ ಕೂಡಲೇ ಸೋಸಿಬಿಡಿ.

ಇಡುವ ಹಣ್ಣನ್ನು ಉರುಳಿಸಬೇಡಿ

ರಸ ತೆಗೆಯುವುದು, ಹಣ್ಣು ಇಡುವುದು ಎರಡೂ ಒಂದೇ ವಿಷಯದ ಎರಡು ಮುಖ. ಹಿಂಡುವಾಗ ಯಾವ ಚೀಲ ಒಡೆಯಬೇಕೋ, ಇಡುವಾಗ ಅದೇ ಚೀಲ ಒಡೆಯದೆ ಇರಬೇಕು. ಉರುಳಿಸಿದ ಹಣ್ಣನ್ನು ಮತ್ತೆ ಬುಟ್ಟಿಗೆ ಹಾಕಿದರೆ ಎರಡು ದಿನಕ್ಕೆ ಸಿಪ್ಪೆ ಮೇಲೆ ಕಂದು ಕಲೆ ಏಳುತ್ತದೆ. ಒಡೆದ ಗುಳ್ಳೆಗಳಿಂದ ಹೊರಬಂದ ಎಣ್ಣೆ ಸುತ್ತಲಿನ ಸಿಪ್ಪೆಯನ್ನು ಸುಟ್ಟುಬಿಡುತ್ತದೆ. ಆ ಕಲೆಯ ಜಾಗದಿಂದ ಬೂಷ್ಟು ಒಳಗೆ ಹೋಗುವುದು ಸುಲಭ. ಚೀಲ ಎತ್ತಿ ಹಾಕಿದರೆ, ಮೇಲೆ ತೆಂಗಿನಕಾಯಿ ಇಟ್ಟರೆ ಆಗುವುದೂ ಇದೇ. ಅದಕ್ಕೇ ಸಂತೆಯಲ್ಲಿ ನಿಂಬೆಯನ್ನು ಕೊನೆಗೆ ಕೊಂಡು ಎಲ್ಲದರ ಮೇಲೆ ಇಟ್ಟು ತರುತ್ತೇನೆ.

ಆರಿಸುವಾಗ ಸಿಪ್ಪೆ ನಯವಾಗಿ, ತೆಳ್ಳಗೆ ಇರಲಿ. ಒಂದೇ ಗಾತ್ರದ ಎರಡು ಹಣ್ಣು ಎರಡು ಕೈಯಲ್ಲಿ ಹಿಡಿದು ತೂಕ ಇರುವುದನ್ನು ತೆಗೆದುಕೊಳ್ಳಿ. ತೊಟ್ಟಿನ ಪುಟ್ಟ ಬಿಲ್ಲೆ ಅಂಟಿಕೊಂಡಿದ್ದರೆ ಇನ್ನೂ ಒಳ್ಳೆಯದು, ಅದು ಉದುರಿದ ಜಾಗವೇ ಕೊಳೆ ಒಳಗೆ ನುಗ್ಗುವ ಬಾಗಿಲು. ಹಸಿರು ಹಣ್ಣು ಮನೆಯಲ್ಲಿ ಹಳದಿಯಾಗುತ್ತದೆ, ಆದರೆ ಕಿತ್ತ ಮೇಲೆ ಮಾವಿನ ಹಾಗೆ ಮಾಗುವುದಿಲ್ಲ.

ಮನೆಗೆ ತಂದ ಎರಡು ಡಜನ್ ಹಣ್ಣನ್ನು ನಾನು ಹೀಗೆ ಮಾಡುತ್ತೇನೆ. ಹಳೆ ಪೇಪರ್ ಹಾಸಿ ಎಲ್ಲವನ್ನೂ ಒಂದಕ್ಕೊಂದು ತಾಗದ ಹಾಗೆ ಹರಡಿ, ಒಂದೊಂದನ್ನೂ ತಿರುಗಿಸಿ ನೋಡುತ್ತೇನೆ. ಗೀರು ಬಿದ್ದದ್ದು, ತೊಟ್ಟು ಉದುರಿದ್ದು, ಎಲ್ಲೋ ಮೆತ್ತಗಿರುವುದು ಸಾಮಾನ್ಯವಾಗಿ ನಾಲ್ಕೈದು ಇರುತ್ತವೆ. ಅವನ್ನು ಆ ವಾರದ ಬಳಕೆಗೆ ಹೊರಗೇ ಇಡುತ್ತೇನೆ. ಉಳಿದವನ್ನು ತೊಳೆಯುವುದಿಲ್ಲ. ಸಿಪ್ಪೆಯ ಮೇಲೆ ಹಣ್ಣು ತಾನೇ ಕೊಟ್ಟುಕೊಂಡ ತೆಳು ಮೇಣದ ಪದರ ಇರುತ್ತದೆ, ಉಜ್ಜಿ ತೊಳೆದರೆ ಅದು ಹೋಗಿ ಬೇಗ ಒಣಗುತ್ತದೆ. ತೊಳೆಯುವುದು ಬಳಸುವ ಹೊತ್ತಿಗೆ. ಕೆಸರು ಹತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಂದೆರಡು ಗಂಟೆ ಫ್ಯಾನ್ ಕೆಳಗೆ ಆರಿಸುತ್ತೇನೆ. ಮಳೆಗಾಲದಲ್ಲಿ ಈ ಆರಿಸುವ ಕೆಲಸ ಬಿಡಲೇಬಾರದು.

ಆಮೇಲೆ ಆರಾರು ಹಣ್ಣು ಒಂದೊಂದು ಜಿಪ್ ಕವರಿಗೆ. ಜೊತೆಗೆ ಒಂದು ತುಂಡು ಒಣ ಹತ್ತಿಬಟ್ಟೆ. ಗಾಳಿ ಒತ್ತಿ ತೆಗೆದು ಜಿಪ್ ಹಾಕಿ, ಫ್ರಿಜ್‌ನ ತರಕಾರಿ ಡಬ್ಬಿಯಲ್ಲಿ ಇಡುತ್ತೇನೆ. ಕವರ್ ಇಲ್ಲದೆ ಫ್ರಿಜ್‌ನಲ್ಲಿಟ್ಟರೆ ಅಲ್ಲಿನ ಒಣ ಗಾಳಿಗೆ ಸಿಪ್ಪೆಯಿಂದ ನೀರು ಹೋಗಿ ವಾರ ಹತ್ತು ದಿನಕ್ಕೆ ಸಿಪ್ಪೆ ತೊಗಲಿನ ಹಾಗಾಗುತ್ತದೆ. ಕವರಿನಲ್ಲಿ ಮೂರು ನಾಲ್ಕು ವಾರ ಚೆನ್ನಾಗಿರುತ್ತವೆ. ಆರಾರರ ಕವರ್ ಯಾಕೆಂದರೆ ಒಂದು ಕೆಟ್ಟರೂ ಉಳಿದ ಕವರಿನ ಹಣ್ಣುಗಳು ಬೇರೆ ಮನೆಯಲ್ಲಿ ಇದ್ದ ಹಾಗೆ. ಸೇಬು, ಬಾಳೆಹಣ್ಣಿನ ಜೊತೆ ಇಡಬೇಡಿ, ಅವು ಬಿಡುವ ಎಥಿಲೀನ್ ಅನಿಲಕ್ಕೆ ನಿಂಬೆಯ ತೊಟ್ಟು ಬೇಗ ಕಳಚುತ್ತದೆ.

ನೀರು ತುಂಬಿದ ಬಾಟಲಿಯಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡುವವರೂ ಇದ್ದಾರೆ. ಸಿಪ್ಪೆ ಒಣಗುವುದಿಲ್ಲ ಎನ್ನುವುದು ನಿಜ. ಆದರೆ ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಬೇಕು, ಜಾಗವೂ ಜಾಸ್ತಿ. ನನಗೆ ಕವರೇ ಸರಿ.

ಫ್ರಿಜ್‌ಗೂ ಒಂದು ಮಿತಿ ಇದೆ. ನಿಂಬೆಗೆ ಹಿತವಾದ ತಂಪು ಸುಮಾರು 10 ಡಿಗ್ರಿ. ನಮ್ಮ ಫ್ರಿಜ್ 4 ಡಿಗ್ರಿಯ ಆಸುಪಾಸು. ಒಂದು ತಿಂಗಳು ದಾಟಿದರೆ ಸಿಪ್ಪೆಯ ಮೇಲೆ ಸಣ್ಣ ಸಣ್ಣ ಕಂದು ಗುಳಿ ಬೀಳುತ್ತವೆ. ಅದು ಕೊಳೆಯಲ್ಲ, ಚಳಿಯ ಪೆಟ್ಟು. ಒಳಗಿನ ರಸ ಚೆನ್ನಾಗೇ ಇರುತ್ತದೆ, ಆದರೆ ಅಂಥವನ್ನು ಮೊದಲು ಮುಗಿಸಿ. ಅದಕ್ಕೇ ಡಬ್ಬಿ ಹಿಂಭಾಗಕ್ಕೆ, ಐಸ್ ಕಟ್ಟುವ ಗೋಡೆಗೆ ತಾಗಿಸಿ ನಿಂಬೆ ಇಡಬಾರದು.

ಕರೆಂಟ್ ಹೋದಾಗ

ಒಂದು ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಹಾಲು, ಮಾಂಸದ ಗಡಿಬಿಡಿಯಲ್ಲಿ ನಿಂಬೆಯ ಕವರ್ ಮರೆತೇಹೋಗಿತ್ತು. ನಾಲ್ಕನೇ ದಿನ ತೆಗೆದರೆ ಕವರಿನೊಳಗೆ ಬೆವರಿದ ಹಾಗೆ ನೀರು, ಬಟ್ಟೆ ತೊಯ್ದು ಮುದ್ದೆ, ಒಂದು ಹಣ್ಣಿನ ಅರ್ಧ ಮೈ ಹಸಿರು ಪುಡಿ. ಗಾಬರಿಯಲ್ಲಿ ಅಲ್ಲೇ ಕವರ್ ಕೊಡವಿದೆ. ಪುಡಿ ಹಾರಿತು. ಆ ವಾರ ಬುಟ್ಟಿಯಲ್ಲಿದ್ದ ಕಿತ್ತಳೆಗೂ ಅದೇ ಬೂಷ್ಟು ಬಂತು. ಆ ಹಸಿರು ಪುಡಿ ಬೂಷ್ಟಿನ ಬೀಜಕಣ, ನಿಂಬೆ ಕಿತ್ತಳೆ ಜಾತಿಯ ಹಣ್ಣುಗಳೆಂದರೆ ಅದಕ್ಕೆ ಪ್ರಾಣ. ಗಾಯವಿಲ್ಲದ ಸಿಪ್ಪೆಯನ್ನು ಅದು ದಾಟಲಾರದು, ಚಿಕ್ಕ ಗೀರು ಸಿಕ್ಕರೆ ಸಾಕು.

ಈಗ ಕರೆಂಟ್ ಹೋಗಿ ಅರ್ಧ ದಿನವಾದರೆ ಕವರ್ ಬಿಚ್ಚಿ ಹಣ್ಣು ಹೊರಗೆ ತೆಗೆಯುತ್ತೇನೆ. ಒರೆಸಿ, ಒಂದೊಂದಕ್ಕೂ ಪೇಪರ್ ಸುತ್ತಿ, ಬಿದಿರು ಬುಟ್ಟಿಯಲ್ಲಿ ಒಂದೇ ಸಾಲಾಗಿ ಜೋಡಿಸಿ ಗಾಳಿ ಆಡುವ ಕಡೆ ಇಡುತ್ತೇನೆ. ಪೇಪರ್ ತೇವ ಹೀರುತ್ತದೆ, ಒಂದು ಕೆಟ್ಟರೆ ಪಕ್ಕದ್ದಕ್ಕೆ ತಾಗಲು ಬಿಡುವುದಿಲ್ಲ. ದಿನ ಬಿಟ್ಟು ದಿನ ಪೇಪರ್ ಮುಟ್ಟಿ ನೋಡಿ, ಮೆತ್ತಗಾಗಿದ್ದರೆ ಬದಲಿಸಬೇಕು. ಮಳೆಗಾಲದಲ್ಲಿ ಹೀಗೆ ಒಂದು ವಾರ, ಹತ್ತು ದಿನ ಬರುತ್ತವೆ. ಒಲೆಯ ಹತ್ತಿರ ಒಣಗಿರುತ್ತದೆ ಎಂದು ಅತ್ತೆ ಬುಟ್ಟಿಯನ್ನು ಅಲ್ಲಿಡುತ್ತಿದ್ದರು. ಕೊಳೆಯಲಿಲ್ಲ, ಆದರೆ ನಾಲ್ಕು ದಿನಕ್ಕೆ ಸುಕ್ಕು ಬಿದ್ದವು. ಈಗ ಇಬ್ಬರೂ ಸೇರಿ ಊಟದ ಕೋಣೆಯ ಕಪಾಟಿನ ಮೇಲೆ ಜಾಗ ಮಾಡಿದ್ದೇವೆ.

ವಾರಕ್ಕೊಮ್ಮೆ ಎಲ್ಲಾ ಕವರ್ ತೆಗೆದು ನೋಡಿ, ಬಟ್ಟೆ ಬದಲಿಸಿ. ಬೆರಳಿನಿಂದ ತೊಟ್ಟಿನ ಸುತ್ತ ಒತ್ತಿ. ನೀರು ತುಂಬಿದ ಗುಳ್ಳೆಯ ಹಾಗೆ ಬೆರಳು ಒಳಗಿಳಿದರೆ ಕೊಳೆ ಶುರುವಾಗಿದೆ, ಒಂದೆರಡು ದಿನದಲ್ಲಿ ಅಲ್ಲೇ ಬಿಳಿ ನೂಲು, ಆಮೇಲೆ ಹಸಿರು ಪುಡಿ ಬರುತ್ತದೆ. ಅದನ್ನು ಅಲ್ಲಾಡಿಸದೆ, ಕವರಿನ ಸಮೇತ ಹೊರಗೆ ಒಯ್ದು ಹಾಕಿ. ಕೆಟ್ಟ ಭಾಗ ಕೊಯ್ದು ಉಳಿದದ್ದು ಹಿಂಡುವುದು ಬೇಡ. ಜೊತೆಗಿದ್ದ ಹಣ್ಣುಗಳನ್ನು ತೊಳೆದು ಒರೆಸಿ ಎರಡು ದಿನದಲ್ಲಿ ಬಳಸಿಬಿಡಿ. ಸಿಪ್ಪೆ ಗಟ್ಟಿಯಾಗಿ, ಕಂದಾಗಿ, ಸುಕ್ಕಾಗಿದ್ದರೆ ಅದು ಬರೀ ಒಣಗಿದ್ದು. ಬಿಸಿನೀರಲ್ಲಿ ಕಾಲು ಗಂಟೆ ನೆನೆಸಿ ಉರುಳಿಸಿದರೆ ರಸ ಬರುತ್ತದೆ. ಕೊಯ್ದಾಗ ಚೀಲಗಳೇ ಬೆಳ್ಳಗೆ ಒಣಗಿದ್ದರೆ ಮಾತ್ರ ಏನು ಮಾಡಿದರೂ ಬರುವುದಿಲ್ಲ.

ಮಿಕ್ಕದ್ದನ್ನು ರಸ ಮಾಡಿ ಇಡುವುದು

ಮೂರನೇ ವಾರ ದಾಟಿಯೂ ಏಳೆಂಟು ಹಣ್ಣು ಉಳಿದರೆ ರಸ ತೆಗೆದು ಐಸ್ ಟ್ರೇಗೆ ಹಾಕಿ. ಗಾಜಿನ ಅಥವಾ ಸ್ಟೀಲ್ ಪಾತ್ರೆಯಲ್ಲೇ ಹಿಂಡಿ, ಅಲ್ಯೂಮಿನಿಯಂ, ಹಿತ್ತಾಳೆ ಬೇಡ, ಹುಳಿಗೆ ಲೋಹ ಬಿಡುತ್ತದೆ. ಸೋಸಿ ಒಂದು ಗುಳಿಗೆ ಒಂದು ದೊಡ್ಡ ಚಮಚದಂತೆ, ಅಂದರೆ 15 ಮಿ.ಲೀ. ಹಾಕಿದರೆ ಒಂದು ತುಂಡು ಹೆಚ್ಚುಕಡಿಮೆ ಒಂದು ನಿಂಬೆಯ ರಸಕ್ಕೆ ಸಮ. ಗಟ್ಟಿಯಾದ ಮೇಲೆ ತುಂಡುಗಳನ್ನು ಕವರಿಗೆ ಹಾಕಿ ಫ್ರೀಜರ್‌ನಲ್ಲಿಡಿ. ಮೂರು ತಿಂಗಳು ಧಾರಾಳವಾಗಿ ಬರುತ್ತದೆ. ಫ್ರೀಜರ್ ಅಲ್ಲದೆ ಬರೀ ಫ್ರಿಜ್‌ನಲ್ಲಿಟ್ಟ ರಸಕ್ಕೆ ಮೂರು ನಾಲ್ಕು ದಿನದ ಆಯುಸ್ಸು, ಘಮ ಅದಕ್ಕಿಂತ ಮೊದಲೇ ಹೋಗುತ್ತದೆ.

ಹಿಂಡಲು ಸಮಯ ಇಲ್ಲದಿದ್ದರೆ ಇಡೀ ಹಣ್ಣನ್ನೇ ಫ್ರೀಜರ್‌ಗೆ ಹಾಕಬಹುದು. ಒಳಗೆ ಐಸ್‌ನ ಹರಳು ಬೆಳೆದು ಪ್ರತಿ ಚೀಲವನ್ನೂ ಚುಚ್ಚಿ ಹರಿಯುತ್ತದೆ, ಉರುಳಿಸುವ ಕೆಲಸವನ್ನು ಚಳಿಯೇ ಮಾಡಿಬಿಡುತ್ತದೆ. ಕರಗಿದ ಹಣ್ಣು ಕೈಯಲ್ಲಿ ಹತ್ತಿಯ ಹಾಗೆ ಮೆತ್ತಗಿರುತ್ತದೆ, ಕೊಯ್ಯುವಾಗಲೇ ರಸ ಸೋರುತ್ತದೆ. ಬಟ್ಟಲಿನ ಮೇಲೇ ಹಿಡಿದು ಕೊಯ್ಯಿರಿ. ಉಪ್ಪಿನಕಾಯಿಗೆ ಇದು ಆಗುವುದಿಲ್ಲ, ಸಿಪ್ಪೆ ಕೊಳಕೊಳ ಆಗಿರುತ್ತದೆ. ಕೋಳಿ ಫ್ರೈ ಮೇಲೆ ಹಿಂಡಲು, ಶರಬತ್ತಿಗೆ ಏನೂ ತೊಂದರೆಯಿಲ್ಲ. ಒಮ್ಮೆ ಕರಗಿದ್ದನ್ನು ಮಾತ್ರ ಅವತ್ತೇ ಮುಗಿಸಬೇಕು.